ತಮ್ಮ ಬಂದ ಸುದ್ದಿಯನ್ನು ನಾಲ್ಕೂವರೆ ವರ್ಷದ ಅಕ್ಕನ ಮಾತಿನಲ್ಲೇ ಹೇಳುವುದು ಹೇಗೆ?

ತುಂಗಾತೀರದ ಅಮ್ಮ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಮನೆಗೆ ಎರಡನೆಯ ಮಗು ಬಂದಿದೆ, ಗಂಡು ಮಗು. ಮೊದಲನೆಯವಳಿಗೆ ನಾಲ್ಕೂವರೆ ವರ್ಷ. ಅವಳು ಗೋಡೆಗೆ ಒರಗಿ, ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ತೊಡೆಯ ಮೇಲೊಂದು ದಿಂಬಿಟ್ಟುಕೊಂಡು ಅದರ ಮೇಲೆ ತಮ್ಮನನ್ನು ಮಲಗಿಸಿಕೊಂಡಿರುವ ಫೋಟೋ ಒಂದಿದೆ. ಮಗುವಿನ ತಲೆಗೆ ಆಸರೆಯಾಗಿ ಹಿಡಿದಿರುವ ನಮ್ಮ ಅಮ್ಮನ ಕೈಯೂ ಅಂಚಿನಲ್ಲಿ ಸ್ವಲ್ಪ ಕಾಣಿಸುತ್ತದೆ. ಈ ಫೋಟೋವನ್ನು ಮೊದಲು ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಬೇಕು, ಆಮೇಲೆ ನಾಮಕರಣದ ಕಾರ್ಡಿನಲ್ಲೂ ಬಳಸಬೇಕು ಎಂದುಕೊಂಡಿದ್ದೇವೆ. ಅದರ ಕೆಳಗಿನ ಬರಹ ಅವಳೇ ಹೇಳಿದಂತಿರಬೇಕು ಎಂಬುದು ನನ್ನ ಆಸೆ.

ನಾನು ಬರೆದದ್ದು ಹೀಗಿದೆ: "ದೇವರು ನನಗೆ ಕೊಟ್ಟ ಅತ್ಯಮೂಲ್ಯ ಉಡುಗೊರೆ ನನ್ನ ಮುದ್ದು ತಮ್ಮ. ಇನ್ನು ಮುಂದೆ ನಾನು ಅವನ ಗೆಳತಿ, ರಕ್ಷಕಿ ಮತ್ತು ಎರಡನೆಯ ತಾಯಿ."

ಓದಿದರೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ, ಆದರೆ ಇದರಲ್ಲಿ ನನ್ನ ಮಗಳ ದನಿ ಕೇಳಿಸುವುದಿಲ್ಲ. ಏನನ್ನು ತಿದ್ದಬೇಕು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಪ್ರಾಸಪ್ರಿಯ

ಮೊದಲಿಗೆ ಅಭಿನಂದನೆಗಳು. ನಿಮ್ಮ ಬರಹದ ತೊಂದರೆ ಅದರ ಉದ್ದ. ಸ್ಟೇಟಸ್ಸನ್ನು ಜನ ಬೆರಳಿನಲ್ಲಿ ಸರಿಸುತ್ತಲೇ ನೋಡುತ್ತಾರೆ, ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೂ ಮೊದಲ ಒಂದೆರಡು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದನ್ನು ನೋಡಲು ಮತ್ತೆ ಒತ್ತಬೇಕು. ಆದ್ದರಿಂದ ಎರಡು ಸಾಲು ಸಾಕು, ಅದರಲ್ಲಿ ಪ್ರಾಸ ಇದ್ದರೆ ಮನಸ್ಸಿನಲ್ಲಿ ಉಳಿಯುತ್ತದೆ. "ಪುಟ್ಟ ಕೈ, ಪುಟ್ಟ ಕಾಲು, ಬಂದ ನನ್ನ ತಮ್ಮ, ಅವನ ನಗು ನೋಡಿ ಮರೆತರು ನೋವು ನಮ್ಮ ಅಮ್ಮ" ಎಂಬಂತೆ ಬರೆಯಬಹುದು. ಇಲ್ಲವೆಂದರೆ ಈಗ ಎಲ್ಲರೂ ಹಾಕುವಂತೆ "ನನಗೆ ಬಡ್ತಿ ಸಿಕ್ಕಿದೆ, ಇಂದಿನಿಂದ ನಾನು ದೊಡ್ಡ ಅಕ್ಕ" ಎಂದು ಹಾಕಿ.

ರಾಶಿ ನಕ್ಷತ್ರ

ಮಗು ಯಾವ ನಕ್ಷತ್ರದಲ್ಲಿ, ಯಾವ ಪಾದದಲ್ಲಿ ಹುಟ್ಟಿದೆ ಎಂದು ತಿಳಿಸಿದರೆ ಹೆಸರಿಗೆ ಒಪ್ಪುವ ಅಕ್ಷರವನ್ನು ಹೇಳುತ್ತೇನೆ. ಅಕ್ಕನ ಹೆಸರಿಗೆ ಹೊಂದುವಂತಹ ಹೆಸರುಗಳ ಪಟ್ಟಿಯೂ ನನ್ನ ಬಳಿ ಇದೆ.

ತುಂಗಾತೀರದ ಅಮ್ಮ

ಧನ್ಯವಾದಗಳು, ಹೆಸರನ್ನು ಮನೆಯವರು ಆಗಲೇ ನಿಶ್ಚಯಿಸಿದ್ದಾರೆ. ನನಗೆ ಬೇಕಾದದ್ದು ಫೋಟೋದ ಕೆಳಗಿನ ಬರಹ ಮಾತ್ರ.

ಶಿಶುವಿಹಾರದ ಟೀಚರಮ್ಮ

ನಾನು ನಿವೃತ್ತ ಶಿಕ್ಷಕಿ, ಮೂರರಿಂದ ಐದು ವರ್ಷದ ಮಕ್ಕಳ ನಡುವೆಯೇ ನನ್ನ ಕೆಲಸ ಕಳೆದದ್ದು. ತಂಗಿ ತಮ್ಮ ಹುಟ್ಟಿದ ಮರುದಿನ ತರಗತಿಗೆ ಬಂದ ಮಕ್ಕಳು ಏನು ಹೇಳುತ್ತಾರೆ ಎಂಬುದನ್ನು ಬಹಳ ಸಲ ಕೇಳಿದ್ದೇನೆ. "ಉಡುಗೊರೆ", "ರಕ್ಷಕಿ" ಎಂಬ ಮಾತು ಯಾವ ಮಗುವಿನ ಬಾಯಿಂದಲೂ ಬರುವುದಿಲ್ಲ. ಆ ವಯಸ್ಸಿನವರು ತಮ್ಮ ಭಾವನೆಗೆ ಹೆಸರು ಕೊಟ್ಟು ಮಾತನಾಡುವುದು ಕಡಿಮೆ, ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಪಾಪುವಿನ ಉಗುರು ಎಷ್ಟು ಚಿಕ್ಕದು, ಅದಕ್ಕೆ ಹಲ್ಲಿಲ್ಲ, ಅದು ಹಗಲೆಲ್ಲ ಮಲಗಿಯೇ ಇರುತ್ತದೆ, ಅಮ್ಮನ ಪಕ್ಕದಲ್ಲಿ ತಾನು ಮಲಗುತ್ತಿದ್ದ ಜಾಗದಲ್ಲಿ ಈಗ ಅದನ್ನು ಮಲಗಿಸುತ್ತಾರೆ, ಇವೇ ಅವರಿಗೆ ದೊಡ್ಡ ಸುದ್ದಿಗಳು. ನೀವು ಬರೆದ ಸಾಲಿನಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ದನಿ ಕೇಳಿಸದಿರುವುದಕ್ಕೆ ಅದೇ ಕಾರಣ, ಉದ್ದವಲ್ಲ.

ಆದ್ದರಿಂದ ನೀವು ಬರೆಯಲು ಕೂರಬೇಡಿ, ಅವಳು ಹೇಳಿದ್ದನ್ನು ಬರೆದುಕೊಳ್ಳಲು ಕೂರಿ. ಊಟವಾಗಿ ಅವಳು ನಿಶ್ಚಿಂತೆಯಿಂದಿರುವ ಹೊತ್ತಿನಲ್ಲಿ ಫೋಟೋವನ್ನು ಅವಳ ಕೈಗೇ ಕೊಡಿ. "ತಮ್ಮ ಬಂದಿದ್ದು ನಿಂಗೆ ಖುಷಿನಾ?" ಎಂದು ಕೇಳಿದರೆ "ಹೂಂ" ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯುತ್ತದೆ, ಏಕೆಂದರೆ ಆ ಪ್ರಶ್ನೆಯ ಒಳಗೇ ಉತ್ತರವಿದೆ. "ಇಲ್ಲಿ ಪಾಪು ಏನ್ ಮಾಡ್ತಿದೆ?", "ಇದು ಯಾರ ಕೈ?", "ಪಾಪುಗೆ ಏನೇನು ಬರುತ್ತೆ, ಏನೇನು ಬರಲ್ಲ?" ಎಂಬಂತಹ ಪ್ರಶ್ನೆಗಳನ್ನು ಕೇಳಿ ಸುಮ್ಮನಿರಿ. ಹೇಳಿದ ಮಾತಿಗೆ ನಗಬೇಡಿ, ಹೊಗಳಲೂ ಬೇಡಿ; ಹೊಗಳಿದ ತಕ್ಷಣ ಮಗು ನಮಗೆ ಇಷ್ಟವಾಗುವುದನ್ನು ಹೇಳಲು ತೊಡಗುತ್ತದೆ. ಅವಳ ಎದುರಿಗೇ, ಅವಳ ಮಾತನ್ನು ಅವಳು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ನಂತರ ಅದರಲ್ಲಿ ಒಂದೇ ಒಂದು ಮಾತನ್ನು ಆರಿಸಿದರೆ ಸಾಕು.

ಪ್ರಾಸಪ್ರಿಯರು ಹೇಳಿದಂತೆ ಚಿಕ್ಕದಾಗಿರಬೇಕು ಎಂಬುದು ನಿಜ. ಆದರೆ ಪ್ರಾಸ ಬಂದೊಡನೆ ಅದು ದೊಡ್ಡವರು ಹೆಣೆದದ್ದು ಎಂದು ಗೊತ್ತಾಗಿಬಿಡುತ್ತದೆ. "ದೊಡ್ಡ ಅಕ್ಕ" ಎಂಬುದೂ ನಮ್ಮ ಮನೆಗಳ ಮಾತಲ್ಲ. ಅಕ್ಕ ಎಂದರೇ ದೊಡ್ಡವಳು, ಇಬ್ಬರು ಮೂವರು ಅಕ್ಕಂದಿರಿದ್ದಾಗ ಮಾತ್ರ ಮೊದಲನೆಯವಳು ದೊಡ್ಡಕ್ಕನಾಗುತ್ತಾಳೆ. ಇನ್ನು ಬಡ್ತಿ ಎಂಬುದು ಕಚೇರಿಗೆ ಹೋಗುವವರ ಲೋಕದ್ದು.

ಧಾರವಾಡದ ಅಜ್ಜಿ

ಟೀಚರಮ್ಮನವರ ಮಾತಿಗೆ ನನ್ನದೊಂದು ಸೇರಿಕೆ. ಮಗು ಮನೆಯಲ್ಲಿ ಯಾವ ಕನ್ನಡವನ್ನು ಆಡುತ್ತದೆಯೋ ಅದೇ ಕನ್ನಡ ಬರಹದಲ್ಲಿಯೂ ಇರಲಿ. ನನ್ನ ಮೊಮ್ಮಗಳು ತಂಗಿ ಹುಟ್ಟಿದಾಗ "ನಮ್ಮನ್ಯಾಗ ಕೂಸು ಬಂದೈತಿ, ನೋಡಾಕ ಬರ್ರಿ, ಆದ್ರ ಒದರಬ್ಯಾಡ್ರಿ, ಮಲಗೈತಿ" ಎಂದು ಓಣಿಯವರಿಗೆಲ್ಲ ಹೇಳಿ ಬಂದಿದ್ದಳು. ನನ್ನ ಮಗ ಅದನ್ನು ತಿದ್ದಿ "ನಮ್ಮ ಮನೆಗೆ ಪಾಪು ಬಂದಿದೆ, ನೋಡಲು ಬನ್ನಿ, ಗಲಾಟೆ ಮಾಡಬೇಡಿ" ಎಂದು ಹಾಕಹೊರಟಿದ್ದ. ನಾನು ಬಿಡಲಿಲ್ಲ. ಅವಳು ಪಾಪು ಎಂದು ಯಾವತ್ತೂ ಅಂದವಳಲ್ಲ, ನಮ್ಮಲ್ಲಿ ಅದು ಕೂಸು. ಅವಳ ಮಾತಿನಂತೆಯೇ ಹಾಕಿದೆವು, ಊರವರೆಲ್ಲ ಓದಿ ಇದು ಅವಳದ್ದೇ ಎಂದು ಗುರುತು ಹಿಡಿದರು.

ಪ್ರಾಸಪ್ರಿಯ

ಹಾಗಿದ್ದರೆ ಮಕ್ಕಳ ತೊದಲನ್ನೂ ಬರೆಯಬಹುದಲ್ಲವೇ? ಮದುವೆಯ ಕಾರ್ಡುಗಳ ಕೆಳಗೆ ಮಕ್ಕಳ ಹೆಸರು ಹಾಕಿ "ನಮ್ಮ ಮಾಮನ ಮದುವೆಗೆ ಎಲ್ಲಾಲೂ ಬನ್ನಿ" ಎಂದು ತೊದಲಿನಲ್ಲೇ ಅಚ್ಚು ಹಾಕಿಸುತ್ತಾರೆ. "ನನ್ ತಮ್ಮನ್ನ ನೋಲೋಕೆ ಬನ್ನಿ" ಎಂದರೆ ಎಷ್ಟು ಮುದ್ದಾಗಿರುತ್ತದೆ.

ಶಿಶುವಿಹಾರದ ಟೀಚರಮ್ಮ

ಧಾರವಾಡದ ಅಜ್ಜಿಯವರು ಹೇಳಿದ ಮನೆಮಾತು ಬೇರೆ, ತೊದಲು ಬೇರೆ. ಮನೆಮಾತು ಮಗುವಿನದು, ಅದನ್ನು ಉಳಿಸಿಕೊಳ್ಳಬೇಕು. ತೊದಲು ಹಾಗಲ್ಲ. ರಕಾರ ಬರದೆ "ಮಲ" ಎನ್ನುವ ಮಗುವಿಗೆ ನಾವೂ "ಮಲ" ಎಂದರೆ "ಮಲ ಅಲ್ಲ" ಎಂದು ಸಿಟ್ಟಾಗುತ್ತದೆ. ತನ್ನ ಮನಸ್ಸಿನಲ್ಲಿ ಅದು ಮರ ಎಂದೇ ಹೇಳಿರುತ್ತದೆ. ಸದ್ದನ್ನು ತಪ್ಪಾಗಿ ಬರೆದು ಹಾಕಿದರೆ ಅದು ಮಗುವಿನ ದನಿಯಾಗುವುದಿಲ್ಲ, ದೊಡ್ಡವರ ಕಿವಿಗೆ ಕೇಳಿಸಿದ್ದಷ್ಟೇ ಆಗುತ್ತದೆ. ನಾಲ್ಕೂವರೆ ವರ್ಷಕ್ಕೆ ಬಹಳಷ್ಟು ಮಕ್ಕಳ ಮಾತು ಹೊರಗಿನವರಿಗೂ ತಿಳಿಯುವಷ್ಟು ಸ್ಪಷ್ಟವಾಗಿರುತ್ತದೆ, ಆದ್ದರಿಂದ ಇವರ ಮಗಳ ವಿಷಯದಲ್ಲಿ ತೊದಲು ಸುಳ್ಳೂ ಆದೀತು. "ಮುಚ್ಕೊಂಡು", "ಮಲ್ಕೊಂಡು" ಎಂಬ ಆಡುಮಾತಿನ ರೂಪಗಳು ಇರಲಿ, ಅಕ್ಷರ ಬದಲಿಸುವುದು ಬೇಡ.

ಮೂರನೆಯ ಮಗಳು

ನಾನು ಈ ಚರ್ಚೆಗೆ ಬಂದದ್ದು ಬೇರೆ ಕಾರಣಕ್ಕೆ. ನಮ್ಮ ಮನೆಯಲ್ಲಿ ಮೂವರು ಹೆಣ್ಣುಮಕ್ಕಳಾದ ಮೇಲೆ ತಮ್ಮ ಹುಟ್ಟಿದ. ಆಗ ಹಂಚಿದ ಕಾರ್ಡಿನಲ್ಲಿ ನಮ್ಮ ಮೂವರ ಹೆಸರು ಬರೆದು, ನಾವೇ ಹೇಳಿದಂತೆ, "ಕೊನೆಗೂ ದೇವರು ನಮ್ಮ ಮನೆಗೆ ದೀಪ ಕೊಟ್ಟ" ಎಂದು ಹಾಕಿಸಿದ್ದರು. ನನಗೆ ಆಗ ಓದಲು ಬರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಕಪಾಟಿನಲ್ಲಿ ಆ ಕಾರ್ಡು ಸಿಕ್ಕಿತು, ಅದರಲ್ಲಿ ನನ್ನ ಹೆಸರೂ ಇತ್ತು. ಬರೆದವರಿಗೆ ನಮ್ಮ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಆ ಮಾತನ್ನು ಅವರು ತಮ್ಮ ಹೆಸರಿನಲ್ಲಿ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ನಾನು ಕತ್ತಲು ಎಂದು ನನ್ನ ಬಾಯಿಂದಲೇ ಹೇಳಿಸಿದ್ದರು.

ತುಂಗಾತೀರದ ಅಮ್ಮನವರ ಬರಹದಲ್ಲಿ ಅಂತಹದ್ದೇನೂ ಇಲ್ಲ, ಆದರೆ "ಎರಡನೆಯ ತಾಯಿ" ಎಂಬ ಮಾತನ್ನು ದಯವಿಟ್ಟು ತೆಗೆಯಿರಿ. ನಾಲ್ಕೂವರೆ ವರ್ಷದ ಮಗುವಿಗೆ ಇನ್ನೂ ತಾಯಿ ಬೇಕಾಗಿರುವ ಹೊತ್ತು ಅದು. ನಾಳೆ ಅವಳು ತೊಟ್ಟಿಲ ಪಕ್ಕದಲ್ಲಿ ಜೋರಾಗಿ ಕೂಗಿದರೆ "ಏನೇ, ನೀನು ಎರಡನೆಯ ತಾಯಿ ಅಂತ ಬರೆದಿದ್ದಾರಲ್ಲೇ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. "ಕೊನೆಗೂ", "ರಾಖಿ ಕಟ್ಟಿಸಿಕೊಳ್ಳಲು ಬಂದ", "ಮನೆ ತುಂಬಿತು" ಎಂಬ ಸಿದ್ಧ ಸಾಲುಗಳನ್ನೂ ಅಕ್ಕನ ಬಾಯಿಗೆ ಹಾಕಬೇಡಿ. ಅವಳೊಬ್ಬಳೇ ಇದ್ದಾಗಲೂ ಮನೆ ತುಂಬಿಯೇ ಇತ್ತು.

ತುಂಗಾತೀರದ ಅಮ್ಮ

ನಿಮ್ಮ ಮಾತು ಮನಸ್ಸಿಗೆ ನಾಟಿತು. ಆ ಸಾಲನ್ನು ಆಗಲೇ ಅಳಿಸಿದ್ದೇನೆ.

ಟೀಚರಮ್ಮ ಹೇಳಿದಂತೆ ಫೋಟೋ ಕೊಟ್ಟು ಕೇಳಿದೆ. ಮೊದಲು ಏನೂ ಹೇಳಲಿಲ್ಲ, ಫೋಟೋದಲ್ಲಿ ತನ್ನ ಗೆಜ್ಜೆ ಕಾಣುತ್ತಿಲ್ಲ ಎಂದು ಬೇಸರಪಟ್ಟುಕೊಂಡಳು. ಆಮೇಲೆ ಮಾತು ತಾನಾಗಿಯೇ ಬಂತು. ಬರೆದುಕೊಂಡದ್ದನ್ನು ಹಾಗೆಯೇ ಇಲ್ಲಿ ಹಾಕುತ್ತಿದ್ದೇನೆ.

"ಪಾಪು ಕೈ ಮುಚ್ಕೊಂಡೇ ಇರುತ್ತೆ. ನಾನು ಬೆರಳು ಹಾಕಿದ್ರೆ ಹಿಡ್ಕೊಳುತ್ತೆ, ಆಮೇಲೆ ಬಿಡೋದೇ ಇಲ್ಲ."

"ಅದಕ್ಕೆ ಒಂದೂ ಹಲ್ಲಿಲ್ಲ. ಚಕ್ಲಿ ಹೇಗೆ ತಿನ್ನುತ್ತೆ?"

"ಇದು ಅಜ್ಜಿ ಕೈ. ನಂಗೆ ಒಬ್ಳಿಗೇ ಎತ್ಕೊಳಕ್ಕೆ ಬರುತ್ತೆ, ಆದ್ರೆ ಅಜ್ಜಿ ಬಿಡಲ್ಲ."

"ನನ್ನ ಹಳೇ ಸ್ವೆಟರ್ ಪಾಪುಗೆ ಕೊಟ್ಟಿದೀನಿ. ಕೆಂಪುದು ಕೊಡಲ್ಲ."

"ಅಮ್ಮ ಯಾವಾಗ್ಲೂ ಪಾಪು ಹತ್ರನೇ ಇರ್ತಾಳೆ."

ಕೊನೆಯದನ್ನು ಬರೆದುಕೊಳ್ಳುವಾಗ ನನ್ನ ಕೈ ನಿಂತುಹೋಯಿತು. ಅದನ್ನು ಹಾಕುವುದಿಲ್ಲ, ಆದರೆ ಅಂದಿನಿಂದ ರಾತ್ರಿ ಮಗುವನ್ನು ನಮ್ಮ ಅಮ್ಮನ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಅವಳ ಜೊತೆ ಮಲಗುತ್ತಿದ್ದೇನೆ. ಉಳಿದ ನಾಲ್ಕರಲ್ಲಿ ಯಾವುದು ಸರಿ?

ಶಿಶುವಿಹಾರದ ಟೀಚರಮ್ಮ

ಸ್ಟೇಟಸ್‌ಗೆ ಮೊದಲನೆಯದು. ಹುಟ್ಟಿದ ಮಕ್ಕಳ ಅಂಗೈಗೆ ಬೆರಳು ತಾಗಿದರೆ ಅವು ತಾವಾಗಿಯೇ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಕೆಲವು ತಿಂಗಳಲ್ಲಿ ಆ ಹಿಡಿತ ತಾನಾಗಿ ಹೋಗುತ್ತದೆ. ನಿಮ್ಮ ಮಗಳು ತಾನೇ ಮಾಡಿ ನೋಡಿ ಕಂಡುಕೊಂಡದ್ದು ಇದು. ಅದರಲ್ಲಿ ಪ್ರೀತಿ ಎಂಬ ಮಾತೇ ಇಲ್ಲ, ಆದರೂ ಓದಿದವರಿಗೆಲ್ಲ ಅದು ಗೊತ್ತಾಗುತ್ತದೆ. ನಾನಾಗಿದ್ದರೆ ಒಂದಕ್ಷರವನ್ನೂ ಬದಲಿಸುವುದಿಲ್ಲ.

ಒಂದು ಸೂಕ್ಷ್ಮವನ್ನು ಗಮನಿಸಿ. ಅವಳು "ಇರುತ್ತೆ", "ಹಿಡ್ಕೊಳುತ್ತೆ" ಎನ್ನುತ್ತಾಳೆ, "ಹಿಡ್ಕೊಳ್ತಾನೆ" ಎನ್ನುವುದಿಲ್ಲ. ಸದ್ಯಕ್ಕೆ ಅವಳ ಪಾಲಿಗೆ ಅದು ಪಾಪು, ತಮ್ಮ ಎಂದು ನಾವು ಹೇಳಿಕೊಟ್ಟದ್ದು. ಹೆಸರಿಟ್ಟ ಮೇಲೆ, ಮಗು ಇವಳ ಮುಖ ನೋಡಿ ನಗಲು ತೊಡಗಿದ ಮೇಲೆ, ಒಂದು ದಿನ ತಾನಾಗಿ "ಅವನು" ಎನ್ನುತ್ತಾಳೆ. ನೀವು "ತಮ್ಮ ಹಿಡ್ಕೊಳ್ತಾನೆ" ಎಂದು ತಿದ್ದಿದರೆ ವ್ಯಾಕರಣ ಚೆನ್ನಾಗಿರುತ್ತದೆ, ಈ ವಾರದ ಅವಳ ಮಾತು ಮಾತ್ರ ಇರುವುದಿಲ್ಲ.

ಹಾಗಾದರೆ ಗಂಡು ಮಗು ಎಂಬ ಸುದ್ದಿ ಎಲ್ಲಿ ಬರಬೇಕು ಎಂದು ನೀವು ಕೇಳಬಹುದು. ಅದಕ್ಕೆ ಕೆಳಗೆ ಇನ್ನೊಂದು ಸಾಲನ್ನು ನಿಮ್ಮ ಮಾತಿನಲ್ಲೇ ಹಾಕಿ: "ನಾಲ್ಕೂವರೆ ವರ್ಷದ ಅಕ್ಕ ಹೇಳಿದ್ದು. ನಮಗೆ ಗಂಡು ಮಗು ಹುಟ್ಟಿದೆ, ತಾಯಿ ಮಗು ಇಬ್ಬರೂ ಕ್ಷೇಮ." ಹುಟ್ಟಿದ ದಿನ, ಹೊತ್ತು, ತೂಕ ಇವನ್ನೆಲ್ಲ ಮಗುವಿನ ಬಾಯಲ್ಲಿ ಹೇಳಿಸಲು ಹೋದಾಗಲೇ ಬಹಳಷ್ಟು ಬರಹಗಳು ಕೆಡುತ್ತವೆ. "ನನ್ನ ತಮ್ಮ ಮೂರು ಕಿಲೋ ಇದ್ದಾನೆ" ಎಂದು ಯಾವ ನಾಲ್ಕು ವರ್ಷದ ಮಗು ಹೇಳುತ್ತದೆ?

ಟೆಕ್ಸಾಸ್ ಕನ್ನಡಿಗ

ನನಗೆ ಇಷ್ಟವಾದದ್ದು ಕೆಂಪು ಸ್ವೆಟರಿನ ಮಾತು. ಅದರಷ್ಟು ನಿಜವಾದದ್ದು ಉಳಿದವುಗಳಲ್ಲಿ ಯಾವುದೂ ಇಲ್ಲ. ಒಂದನ್ನು ಕೊಟ್ಟಿದ್ದಾಳೆ, ಒಂದನ್ನು ಇಟ್ಟುಕೊಂಡಿದ್ದಾಳೆ, ಇಡೀ ಅಕ್ಕತನ ಅದರಲ್ಲಿದೆ. ಅದನ್ನೇ ಹಾಕಿ.

ಜೊತೆಗೆ ನನ್ನದೂ ಒಂದು ಪ್ರಶ್ನೆ. ನಮ್ಮ ಮಗನಿಗೆ ಐದು ವರ್ಷ, ಎರಡನೆಯ ಮಗು ಇನ್ನೆರಡು ತಿಂಗಳಲ್ಲಿ ಬರಲಿದೆ. ಅವನ ಮಾತು "ನಂಗೆ ಬೇಬಿ ಸಿಸ್ಟರ್ ಬರ್ತಾಳೆ, ಅವ್ಳಿಗೆ ನಾನು ಲೆಗೋ ಟೀಚ್ ಮಾಡ್ತೀನಿ" ಎಂಬಂತಿರುತ್ತದೆ. ಊರಿನ ಅಜ್ಜ ಅಜ್ಜಿಗೆ ಕಳಿಸುವಾಗ ಇದನ್ನು ಅಚ್ಚ ಕನ್ನಡ ಮಾಡಬೇಕೇ?

ಹಾಸನದ ಹಿರಿಯ

ಮಗು ಹುಟ್ಟುವ ಮೊದಲು ಇಂತಹ ಬರಹಗಳನ್ನು ಹಾಕುವುದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ನಿರ್ಬಂಧವಿದೆ. 1994ರ ಕಾಯಿದೆಯನ್ನು ನೋಡಿ. ಹುಟ್ಟಿದ ಮೇಲಷ್ಟೇ ಹಾಕಬೇಕು.

ಮೂರನೆಯ ಮಗಳು

ಹಿರಿಯರ ಮಾತು ಅರ್ಧ ಸರಿ. 1994ರ ಆ ಕಾಯಿದೆ ತಡೆಯುವುದು ಹುಟ್ಟುವ ಮೊದಲೇ ಮಗು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು ಮತ್ತು ಹಾಗೆ ಪತ್ತೆಯಾದದ್ದನ್ನು ತಿಳಿಸುವುದನ್ನು. ಮನೆಗೆ ಮಗು ಬರಲಿದೆ ಎಂಬ ಸಂತೋಷವನ್ನು ಹಂಚಿಕೊಳ್ಳುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಇಲ್ಲಿ ಇರುವವರಿಗೆ ಅದರಿಂದ ಆಗುವ ವ್ಯತ್ಯಾಸ ಇಷ್ಟೇ: ಹುಟ್ಟುವ ಮೊದಲಿನ ಬರಹದಲ್ಲಿ ತಮ್ಮ, ತಂಗಿ ಎರಡೂ ಬರುವಂತಿಲ್ಲ, ಪಾಪು ಎಂದೇ ಹೇಳಬೇಕು. "ಅಮ್ಮನ ಹೊಟ್ಟೆಲಿ ಪಾಪು ಇದೆ, ನಾನು ಮಾತಾಡಿದ್ರೆ ಒದೆಯುತ್ತೆ" ಎಂದರೆ ಸಾಕಲ್ಲವೇ? "ನಂಗೆ ತಮ್ಮನೇ ಬೇಕು" ಎಂದು ಮಗು ಹೇಳಿದರೂ ಅದನ್ನು ಹಾಕದಿರುವುದು ಒಳ್ಳೆಯದು. ನಾಳೆ ತಂಗಿ ಹುಟ್ಟಿದರೆ ಆ ಸಾಲು ಅವಳ ಪಾಲಿಗೆ ಉಳಿದುಬಿಡುತ್ತದೆ.

ಧಾರವಾಡದ ಅಜ್ಜಿ

ಟೆಕ್ಸಾಸಿನವರೇ, ಹುಡುಗ ಹೇಳಿದಂತೆಯೇ ಕಳಿಸಿರಿ. ಅಜ್ಜ ಅಜ್ಜಿಗೆ ಬೇಕಾಗಿರುವುದು ಮೊಮ್ಮಗನ ಮಾತು. ನೀವು ಅಚ್ಚ ಕನ್ನಡ ಮಾಡಿ ಕಳಿಸಿದರೆ, ಮುಂದಿನ ವಿಡಿಯೋ ಕರೆಯಲ್ಲಿ ಅವನು ಲೆಗೋ ಟೀಚ್ ಮಾಡುತ್ತೇನೆ ಎಂದಾಗ ಬರೆದದ್ದು ಅವನಲ್ಲ ಎಂದು ತಿಳಿದೇ ತಿಳಿಯುತ್ತದೆ. ಬರಹವನ್ನು ಕನ್ನಡ ಲಿಪಿಯಲ್ಲಿ ಮಾಡಿರಿ, ಕಣ್ಣು ಮಂಜಾದ ನಮ್ಮಂಥವರಿಗೆ ಓದಲು ಅಷ್ಟು ಸಾಕು.

ಶಿಶುವಿಹಾರದ ಟೀಚರಮ್ಮ

ಕೆಂಪು ಸ್ವೆಟರಿನ ಬಗ್ಗೆ ನನಗೆ ಅನುಮಾನವಿದೆ. ಮಾತು ಸೊಗಸಾಗಿದೆ, ನಿಜ. ಆದರೆ ಸ್ಟೇಟಸ್ ನೋಡಿದ ನೆಂಟರು ಮನೆಗೆ ಬಂದಾಗ "ಕೆಂಪು ಸ್ವೆಟರ್ ಕೊಡಲ್ವಂತೆ, ಎಷ್ಟು ಹೊಟ್ಟೆಕಿಚ್ಚು ನೋಡು" ಎಂದು ಒಬ್ಬರಾದ ಮೇಲೊಬ್ಬರು ಚುಡಾಯಿಸುತ್ತಾರೆ. ಹೊಸ ಮಗು ಬಂದ ಮನೆಯಲ್ಲಿ ದೊಡ್ಡ ಮಗು ಮತ್ತೆ ಬಾಟಲಿ ಕೇಳುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಎತ್ತಿಕೋ ಎಂದು ಹಟ ಹಿಡಿಯುವುದು ಎಲ್ಲ ಸಾಮಾನ್ಯ. ಅಂತಹ ಹೊತ್ತಿನಲ್ಲಿ ಅವಳ ಒಂದು ಮಾತನ್ನು ಊರವರ ಬಾಯಿಗೆ ಕೊಡುವ ಮೊದಲು ಯೋಚಿಸಬೇಕು. ಅದನ್ನು ಪುಸ್ತಕದಲ್ಲಿ ಬರೆದಿಡಿ, ದೊಡ್ಡವಳಾದಾಗ ಓದಿ ಸಂತೋಷಪಡುತ್ತಾಳೆ.

ಟೆಕ್ಸಾಸ್ ಕನ್ನಡಿಗ

ನಾನು ಒಪ್ಪುವುದಿಲ್ಲ. ಮುದ್ದಾದ ಮಾತುಗಳನ್ನು ಮಾತ್ರ ಆರಿಸಿ ಹಾಕಿದರೆ ಅದೂ ಒಂದು ಬಗೆಯ ತಿದ್ದುಪಡಿಯೇ. ಚುಡಾಯಿಸುವುದು ನೆಂಟರ ತಪ್ಪು, ಅದಕ್ಕಾಗಿ ಮಗುವಿನ ಮಾತನ್ನು ಬಚ್ಚಿಡಬೇಕೇ? ಕೊನೆಗೆ ಅವಳನ್ನೇ ಕೇಳಿ ನಿರ್ಧರಿಸಿದರೆ ಒಳ್ಳೆಯದು.

ಶಿಶುವಿಹಾರದ ಟೀಚರಮ್ಮ

ಕೇಳಬೇಕು, ಖಂಡಿತ. ಆದರೆ ನಾಲ್ಕೂವರೆ ವರ್ಷದವಳು ಹೂಂ ಎಂದರೂ ಸ್ಟೇಟಸ್ ಅನ್ನು ಯಾರು ಯಾರು ನೋಡುತ್ತಾರೆ ಎಂಬುದು ಅವಳಿಗೆ ತಿಳಿಯದು. ಆ ಅಂದಾಜು ತಾಯಿಯದೇ.

ಹನ್ನೊಂದರ ಹುಡುಗನ ಅಪ್ಪ

ನಮ್ಮದು ಬೇರೆಯೇ ಪರಿಸ್ಥಿತಿ. ಮಗನಿಗೆ ಹನ್ನೊಂದು ವರ್ಷ, ಈಗ ತಂಗಿ ಹುಟ್ಟಿದ್ದಾಳೆ. ನಾನು "ನನ್ನ ಪುಟಾಣಿ ತಂಗಿಗೆ ಸ್ವಾಗತ" ಎಂದು ಅವನ ಹೆಸರಿನಲ್ಲಿ ಬರೆದು ತೋರಿಸಿದರೆ, ಕ್ಲಾಸಿನವರು ನೋಡಿದರೆ ಶಾಲೆಗೆ ಹೋಗುವುದಿಲ್ಲ ಎಂದುಬಿಟ್ಟ. ಫೋಟೋ ತೆಗೆಸಿಕೊಳ್ಳುವುದಕ್ಕೂ ಒಪ್ಪುತ್ತಿಲ್ಲ. ತಂಗಿಯ ಮೇಲೆ ಅವನಿಗೆ ಅಕ್ಕರೆ ಇಲ್ಲವೇನೋ ಎಂದು ಅವನ ಅಮ್ಮನಿಗೆ ಚಿಂತೆ.

ಮೂರನೆಯ ಮಗಳು

ಅಕ್ಕರೆಗೂ ಇದಕ್ಕೂ ಸಂಬಂಧವಿಲ್ಲ. ಹನ್ನೊಂದು ವರ್ಷದವನಿಗೆ ಬರೆಯಲು ಬರುತ್ತದೆ, ತನ್ನ ಹೆಸರಿನಲ್ಲಿ ಇನ್ನೊಬ್ಬರು ಬರೆದರೆ ಅವನಿಗೆ ಸಿಟ್ಟು ಬರುವುದು ನ್ಯಾಯವೇ. ಅವನ ಕೈಗೇ ಕೊಡಿ, ಬೇಡವೆಂದರೆ ಬಿಡಿ. ಪುಟಾಣಿ, ಮುದ್ದು ಎಂಬ ಪದಗಳು ಆ ವಯಸ್ಸಿನ ಗಂಡುಮಕ್ಕಳ ಬಾಯಲ್ಲಿ ಬರುವುದಿಲ್ಲ. ಮುಖ ಕಾಣದಂತೆ ಅವನ ಕೈ ಮತ್ತು ತಂಗಿಯ ಕೈ ಮಾತ್ರ ಇರುವ ಫೋಟೋ ಆದರೆ ಒಪ್ಪಿಯಾನು.

ಹನ್ನೊಂದರ ಹುಡುಗನ ಅಪ್ಪ

ಸಂಜೆ ಅವನಿಗೆ ಹೇಳಿ ಬಿಟ್ಟಿದ್ದೆ. ಊಟದ ಹೊತ್ತಿಗೆ ಚೀಟಿಯಲ್ಲಿ ಬರೆದುಕೊಟ್ಟ: "ಹನ್ನೊಂದು ವರ್ಷ ಒಬ್ಬನೇ ಇದ್ದೆ. ಈಗ ಇಲ್ಲ." ಇದು ಸಂತೋಷದ ಮಾತೋ ಬೇಸರದ್ದೋ ನಮಗೆ ತಿಳಿಯಲಿಲ್ಲ. ಕೇಳಿದರೆ "ಎರಡೂ" ಎಂದ. ಹಾಗೆಯೇ ಹಾಕಿದ್ದೇವೆ.

ಅಚ್ಚುಕೂಟದ ಅಣ್ಣ

ಕಾರ್ಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಫೋನಿನಲ್ಲಿ ಸರಿಯಾಗಿರುವುದು ಅಚ್ಚಿನಲ್ಲಿ ಕೆಡುವುದನ್ನು ನಾನು ದಿನವೂ ನೋಡುತ್ತೇನೆ. ನೀವು ವಾಟ್ಸ್ಯಾಪ್‌ನಲ್ಲಿ ಕಳಿಸುವುದು ಯುನಿಕೋಡ್ ಅಕ್ಷರ. ಬಹಳಷ್ಟು ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ಕೆಲಸ ನಡೆಯುತ್ತದೆ, ವಿನ್ಯಾಸದ ಹಳೆಯ ತಂತ್ರಾಂಶಗಳಿಗೆ ಯುನಿಕೋಡ್ ಕನ್ನಡವನ್ನು ನೇರವಾಗಿ ಅಂಟಿಸಿದರೆ ಒತ್ತಕ್ಷರ ಬಿಡಿಸಿಕೊಳ್ಳುತ್ತದೆ. ಅಕ್ಕ ಎಂಬುದು "ಅಕ್‌ಕ" ಎಂದೂ ತಮ್ಮ ಎಂಬುದು "ತಮ್‌ಮ" ಎಂದೂ ಬಂದುಬಿಡುತ್ತದೆ. ಈ ಬಗೆಯ ಕಾರ್ಡಿನಲ್ಲಿ ಇದು ಹೆಚ್ಚಾಗಿ ಆಗುವುದಕ್ಕೆ ಕಾರಣವೂ ಇದೆ: ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ಎಲ್ಲದರಲ್ಲೂ ಒತ್ತು ಇದೆ. ತಂಗಿ ಒಬ್ಬಳೇ ಪಾರಾಗುತ್ತಾಳೆ.

ಅಂಗಡಿಯವರು ಹೊಸದಾಗಿ ಟೈಪು ಮಾಡಿದರೆ ಒತ್ತು ಸರಿ ಬರುತ್ತದೆ, ಆದರೆ ಇನ್ನೊಂದು ತೊಂದರೆ ಶುರುವಾಗುತ್ತದೆ. "ಹಿಡ್ಕೊಳುತ್ತೆ", "ಮುಚ್ಕೊಂಡೇ" ಎಂಬುದನ್ನು ತಪ್ಪೆಂದು ತಿಳಿದು "ಹಿಡಿದುಕೊಳ್ಳುತ್ತದೆ", "ಮುಚ್ಚಿಕೊಂಡೇ" ಎಂದು ತಿದ್ದಿ ಕೊಡುತ್ತಾರೆ. ಅವರಿಗೆ ಮೊದಲೇ ಹೇಳಿ, ಇದು ಮಗುವಿನ ಮಾತು, ಇದ್ದಂತೆಯೇ ಇರಲಿ ಎಂದು. ಪ್ರೂಫನ್ನು ಫೋನಿನಲ್ಲಿ ನೋಡಿ ಒಪ್ಪಬೇಡಿ, ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಒಂದೊಂದೇ ಅಕ್ಷರವನ್ನು ಓದಿ. ಬೆರಳು ಎಂಬಲ್ಲಿ ಬೆರಲು ಎಂದಾಗಿದ್ದರೆ ಕಣ್ಣು ಜಾರಿಹೋಗುತ್ತದೆ.

ತುಂಗಾತೀರದ ಅಮ್ಮ

ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಉಪಕಾರವಾಯಿತು. ಸ್ಟೇಟಸ್‌ಗೆ ಬೆರಳಿನ ಮಾತನ್ನೇ ಹಾಕಿದ್ದೇನೆ, ಕೆಳಗೆ ನಮ್ಮ ಸಾಲು. ಸ್ವೆಟರಿನ ಮಾತನ್ನು ಹಾಕಲೇ ಎಂದು ಅವಳನ್ನು ಕೇಳಿದೆ. "ಹಾಕು, ಆದ್ರೆ ಆಮೇಲೆ ಎಲ್ರೂ ಬಂದು ಕೇಳ್ತಾರೆ" ಎಂದಳು. ಅವಳಿಗೇ ಅಷ್ಟು ಅಂದಾಜಿದ್ದ ಮೇಲೆ ಹಾಕಲು ಮನಸ್ಸು ಬರಲಿಲ್ಲ.

ಕಾರ್ಡಿಗೆ ಮಾತ್ರ ಬೆರಳಿನ ಮಾತು ಹೊಂದುವುದಿಲ್ಲ ಎನ್ನಿಸುತ್ತಿದೆ. ಅದರಲ್ಲಿ ಕರೆಯೋಲೆಯೂ ಇರಬೇಕಲ್ಲವೇ?

ಶಿಶುವಿಹಾರದ ಟೀಚರಮ್ಮ

ಹೌದು, ಕಾರ್ಡಿಗೆ ಬೇರೆ ಮಾತು ಬೇಕು. ಹೆಸರಿಡುವುದು ಎಂದರೇನು ಎಂದು ಅವಳಿಗೆ ಮೊದಲು ಹೇಳಿ. ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಹೆಸರು ಬರೆಯುತ್ತಾರೆ, ಪಾಪುವಿನ ಕಿವಿಯಲ್ಲಿ ಹೇಳುತ್ತಾರೆ, ತೊಟ್ಟಿಲಿಗೆ ಹಾಕುತ್ತಾರೆ. ನಿಮ್ಮ ಮನೆಯ ಪದ್ಧತಿ ಏನಿದೆಯೋ ಅದನ್ನು ಹೇಳಿ. ಆಮೇಲೆ "ಇದಕ್ಕೆ ಯಾರ್ಯಾರನ್ನ ಕರೆಯೋಣ, ಏನಂತ ಕರೆಯೋಣ?" ಎಂದು ಕೇಳಿ. ಕಾರ್ಡಿನ ಉಳಿದ ಭಾಗದಲ್ಲಿ ದಿನ, ಮುಹೂರ್ತ, ಸ್ಥಳ ಎಲ್ಲವೂ ಹಿರಿಯರ ಮಾತಿನಲ್ಲಿ ಇದ್ದೇ ಇರುತ್ತದೆ, ಅವಳದು ಒಂದು ಸಾಲು.

ತುಂಗಾತೀರದ ಅಮ್ಮ

ಕೇಳಿದೆ. ಹೆಸರನ್ನು ಅವಳಿಗೂ ಹೇಳಿ, ಆ ದಿನದ ತನಕ ಯಾರಿಗೂ ಹೇಳಬಾರದು ಎಂದಿದ್ದೆವು. ಅದೇ ಅವಳ ತಲೆಯಲ್ಲಿ ತುಂಬಿಕೊಂಡಿದೆ. ಬಂದ ಮಾತು ಇದು: "ಪಾಪುಗೆ ಹೆಸರಿಡ್ತಾರೆ. ಏನು ಹೆಸರು ಅಂತ ನಂಗೆ ಗೊತ್ತು, ಆದ್ರೆ ಹೇಳಲ್ಲ. ನೀವೇ ಬನ್ನಿ." ನಮ್ಮ ಮಾವನವರು ಓದಿ, ಮುಖ್ಯ ಆಮಂತ್ರಣ ತಮ್ಮ ಹೆಸರಿನಲ್ಲಿ ಇರುವುದರಿಂದ ಇದು ಕೆಳಗೆ ಸಣ್ಣ ಅಕ್ಷರದಲ್ಲಿ ಬರಲಿ ಎಂದರು, ನಾನು ಫೋಟೋದ ಕೆಳಗೆ ದೊಡ್ಡದಾಗಿ ಬರಲಿ ಎನ್ನುತ್ತಿದ್ದೇನೆ. ಅದಿನ್ನೂ ಇತ್ಯರ್ಥವಾಗಿಲ್ಲ.

ಅಚ್ಚುಕೂಟದ ಅಣ್ಣ

ಕಾರ್ಡು ಮಡಚುವಂಥದ್ದಾದರೆ ಇಬ್ಬರ ಮಾತೂ ನಡೆಯುತ್ತದೆ. ಹೊರಪುಟದಲ್ಲಿ ಫೋಟೋ ಮತ್ತು ಅವಳ ಸಾಲು, ಒಳಪುಟದಲ್ಲಿ ಮಾವನವರ ಆಮಂತ್ರಣ. ಒಂದೇ ಹಾಳೆಯ ಕಾರ್ಡಾದರೆ ಮಾವನವರನ್ನು ನೀವೇ ಒಪ್ಪಿಸಬೇಕಾಗುತ್ತದೆ. ಯಾವುದಾದರೂ ಆಗಲಿ, ಅವಳ ಮೂರು ವಾಕ್ಯಗಳನ್ನು ಮೂರು ಸಾಲುಗಳಲ್ಲಿ ಬಿಡಿಸಿ ಹಾಕಿಸಿ. ಜಾಗ ಸಾಲದೆಂದು ಅಂಗಡಿಯವರು ಒಂದಕ್ಕೊಂದು ಸೇರಿಸಿದರೆ "ಹೇಳಲ್ಲ ನೀವೇ ಬನ್ನಿ" ಎಂದು ಒಟ್ಟಿಗೆ ಓದಿಸಿಕೊಂಡು ಅರ್ಥ ಕಲಸಿಹೋಗುತ್ತದೆ.